ದಡಾರಕ್ಕೆ ಶೇ 95, ಫ್ಲೂಗೆ ಎಷ್ಟು? ಸಮುದಾಯ ರೋಗನಿರೋಧಕ ಶಕ್ತಿ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಆರ್-ನಾಟ್ ಎನ್ನುವ ಸಂಖ್ಯೆ ಏನನ್ನು ಹೇಳುತ್ತದೆ?

ಯಾರಿಗೂ ರೋಗನಿರೋಧಕ ಶಕ್ತಿ ಇಲ್ಲದ ಊರಿಗೆ ಒಬ್ಬ ರೋಗಿ ಬಂದರೆ, ಅವನು ಗುಣವಾಗುವುದರೊಳಗೆ ಸರಾಸರಿ ಎಷ್ಟು ಮಂದಿಗೆ ನೇರವಾಗಿ ಸೋಂಕು ದಾಟಿಸುತ್ತಾನೆ ಎಂಬುದೇ ಮೂಲ ಪ್ರಸರಣ ಸಂಖ್ಯೆ. ಸೂತ್ರಗಳಲ್ಲಿ ಇದನ್ನು R0 ಎಂದು ಬರೆಯುತ್ತಾರೆ, ಆರ್-ನಾಟ್ ಎಂದು ಓದುತ್ತಾರೆ. ದಡಾರಕ್ಕೆ ಸಾಮಾನ್ಯವಾಗಿ ಕೊಡುವ ಅಂಕಿ 12ರಿಂದ 18. ಪ್ರತಿವರ್ಷದ ಫ್ಲೂ ಸುಮಾರು 1.3ರಲ್ಲಿದೆ. 1918ರ ಮಹಾಮಾರಿ ಫ್ಲೂ ಕೂಡ ಹೆಚ್ಚಿನ ಅಂದಾಜುಗಳ ಪ್ರಕಾರ 2ರ ಆಸುಪಾಸಿನಲ್ಲೇ ಇತ್ತು.

ಈ ಸಂಖ್ಯೆ ರೋಗ ಎಷ್ಟು ಘೋರ ಎಂಬುದನ್ನು ಹೇಳುವುದಿಲ್ಲ, ಎಷ್ಟು ಬೇಗ ಹರಡುತ್ತದೆ ಎಂಬುದನ್ನೂ ಹೇಳುವುದಿಲ್ಲ. ಇದು ವೈರಾಣುವಿಗೆ ಮಾತ್ರ ಸೇರಿದ ಗುಣವೂ ಅಲ್ಲ. ಒಂದೇ ಕೋಣೆಯಲ್ಲಿ ಎಂಟು ಜನ ಮಲಗುವ ಬಡಾವಣೆಯಲ್ಲಿ ಒಂದು ಬೆಲೆ, ದೂರ ದೂರ ಮನೆಗಳಿರುವ ಮಲೆನಾಡಿನಲ್ಲಿ ಇನ್ನೊಂದು ಬೆಲೆ ಬಂದರೆ ಅಚ್ಚರಿಯಿಲ್ಲ. 12ರಿಂದ 18 ಎನ್ನುವುದನ್ನು ಕಲ್ಲಿನಲ್ಲಿ ಕೊರೆದ ಅಂಕಿಯೆಂದು ತಿಳಿಯಬೇಕಿಲ್ಲ. ಬೇರೆ ಬೇರೆ ಅಧ್ಯಯನಗಳಲ್ಲಿ ಅದಕ್ಕಿಂತ ಕಡಿಮೆಯೂ ಹೆಚ್ಚೂ ಸಿಕ್ಕಿವೆ. ಈ ಪುಟದ ಲೆಕ್ಕಗಳಿಗೆ ದಡಾರಕ್ಕೆ 15, ಫ್ಲೂಗೆ 1.3 ಎಂದು ಹಿಡಿಯುತ್ತೇನೆ.

ಇಂದು ಬಹುತೇಕ ಎಲ್ಲರೂ ಲಸಿಕೆ ಪಡೆದವರೇ. ಹಾಗಿದ್ದರೆ ದಡಾರದ 15 ಎಂಬ ಸಂಖ್ಯೆ ಸಿಕ್ಕಿದ್ದಾದರೂ ಎಲ್ಲಿ?

ಲಸಿಕೆ ಬರುವುದಕ್ಕೆ ಮುಂಚಿನ ದಾಖಲೆಗಳಲ್ಲಿ. ಜನ ಸರಾಸರಿ ಬದುಕುವ ವರ್ಷಗಳನ್ನು ರೋಗ ತಗಲುವ ಸರಾಸರಿ ವಯಸ್ಸಿನಿಂದ ಭಾಗಿಸಿದರೆ R0 ಸುಮಾರಾಗಿ ಸಿಗುತ್ತದೆ. ರೋಗ ಹೆಚ್ಚು ಸಾಂಕ್ರಾಮಿಕವಾದಷ್ಟೂ ಮಗು ಚಿಕ್ಕದಿರುವಾಗಲೇ ಅದರ ಕೈಗೆ ಸಿಕ್ಕಿಬಿಡುತ್ತದೆ. ಇಂಗ್ಲೆಂಡಿನಲ್ಲಿ ಲಸಿಕೆಗೆ ಮುಂಚೆ ದಡಾರ ಬರುತ್ತಿದ್ದುದು ಸರಾಸರಿ ನಾಲ್ಕೈದು ವರ್ಷದಲ್ಲಿ. 70ನ್ನು 5ರಿಂದ ಭಾಗಿಸಿದರೆ 14.

ಇನ್ನೊಂದು ಸಾಕ್ಷ್ಯ ಉತ್ತರ ಅಟ್ಲಾಂಟಿಕ್‌ನ ಫ್ಯಾರೋ ದ್ವೀಪಗಳದ್ದು. 1781ರ ನಂತರ ಅಲ್ಲಿ ದಡಾರ ಕಾಣಿಸಿಕೊಂಡಿರಲಿಲ್ಲ. 1846ರ ವಸಂತದಲ್ಲಿ ಕೋಪನ್‌ಹೇಗನ್‌ನಿಂದ ಬಂದ ಒಬ್ಬ ಬಡಗಿಯ ಜೊತೆ ಅದು ಮತ್ತೆ ಬಂತು. ಕೆಲವೇ ತಿಂಗಳಲ್ಲಿ 7,782 ನಿವಾಸಿಗಳ ಪೈಕಿ ಸುಮಾರು 6,000 ಮಂದಿ ಮಲಗಿದರು. ಡೆನ್ಮಾರ್ಕ್ ಸರ್ಕಾರ ಕಳುಹಿಸಿದ ಯುವ ವೈದ್ಯ ಪೀಟರ್ ಪಾನಂ ಹಳ್ಳಿಯಿಂದ ಹಳ್ಳಿಗೆ ಹೋಗಿ, ಯಾರಿಗೆ ಯಾವ ದಿನ ಗಂಧೆ ಎದ್ದಿತು, ಅದಕ್ಕೆ ಮುಂಚೆ ಅವರು ಯಾರನ್ನು ಭೇಟಿಯಾಗಿದ್ದರು ಎಂದು ಬರೆದುಕೊಂಡ. ಸೋಂಕು ತಗಲಿ 13-14 ದಿನಕ್ಕೆ ಗಂಧೆ ಏಳುತ್ತದೆ ಎಂಬುದು ಹೀಗೆ ತಿಳಿದುಬಂತು. ಅವನು ಕಂಡ ಇನ್ನೊಂದು ಸಂಗತಿ ನಮ್ಮ ವಿಷಯಕ್ಕೆ ಇನ್ನೂ ಮುಖ್ಯ: 1781ರಲ್ಲಿ ದಡಾರ ಬಂದು ಹೋಗಿದ್ದ ಮುದುಕರಲ್ಲಿ ಒಬ್ಬರಿಗೂ ಅದು ಮರಳಿ ಬರಲಿಲ್ಲ. 65 ವರ್ಷ ಕಳೆದ ಮೇಲೂ ರಕ್ಷಣೆ ಹಾಗೇ ಇತ್ತು. ಫ್ಲೂ ವಿಷಯದಲ್ಲಿ ಇಂಥ ಮಾತು ಹೇಳಲು ಆಗುವುದಿಲ್ಲ. ಮುಂದಿನ ವ್ಯತ್ಯಾಸಗಳಲ್ಲಿ ಅರ್ಧಪಾಲು ಇಲ್ಲಿಂದಲೇ ಹುಟ್ಟುತ್ತವೆ.

ಮಿತಿಯನ್ನು ಲೆಕ್ಕ ಹಾಕುವುದು ಹೇಗೆ?

ಒಬ್ಬ ದಡಾರದ ರೋಗಿ 15 ಮಂದಿಗೆ ದಾಟಿಸಬಲ್ಲ ಎನ್ನೋಣ. ಆ 15ರಲ್ಲಿ 14 ಮಂದಿಗೆ ಮೊದಲೇ ರಕ್ಷಣೆ ಇದ್ದರೆ ಒಬ್ಬನಿಗಷ್ಟೇ ದಾಟುತ್ತದೆ. ಒಬ್ಬನಿಂದ ಒಬ್ಬನಿಗೆ ಎಂದರೆ ರೋಗ ಬೆಳೆಯುವುದಿಲ್ಲ. ಅದಕ್ಕಿಂತ ಒಂದು ಕೂದಲೆಳೆ ಹೆಚ್ಚು ರಕ್ಷಣೆ ಇದ್ದರೆ ಸರಪಳಿ ತಾನಾಗಿ ಕಡಿಯುತ್ತದೆ. ರೋಗ ಬೆಳೆಯದಂತೆ ಊರಿನಲ್ಲಿ ಎಷ್ಟು ಪಾಲು ಜನರಿಗೆ ರಕ್ಷಣೆ ಇರಬೇಕೋ ಅದೇ ಸಮುದಾಯ ರೋಗನಿರೋಧಕ ಶಕ್ತಿಯ ಮಿತಿ. ಸೂತ್ರ ಇಷ್ಟೇ:

```
ಮಿತಿ = 1 − 1/R0
```

15 ಹಾಕಿದರೆ ಶೇ 93.3. 12ಕ್ಕೆ ಶೇ 91.7, 18ಕ್ಕೆ ಶೇ 94.4. ಫ್ಲೂನ 1.3ಕ್ಕೆ ಬರುವುದು ಶೇ 23.

ಒಂದು ಎಚ್ಚರಿಕೆ. ಈ ಶೇಕಡಾವಾರು ನಿಜಕ್ಕೂ ರಕ್ಷಣೆ ಇರುವವರದ್ದು, ಲಸಿಕೆ ಹಾಕಿಸಿಕೊಂಡವರದ್ದಲ್ಲ. ಪತ್ರಿಕೆಗಳಲ್ಲಿ ಇವೆರಡೂ ಸದಾ ಕಲಸಿಹೋಗಿರುತ್ತವೆ.

ಎರಡು ಡೋಸ್ ಏಕೆ? ಶೇ 95 ಮಕ್ಕಳಿಗೆ ಒಂದು ಡೋಸ್ ಕೊಟ್ಟರೆ ಶೇ 93.3 ದಾಟಿತಲ್ಲ?

ದಾಟುವುದಿಲ್ಲ. ಸಾವಿರ ಮಕ್ಕಳ ಒಂದು ಗುಂಪನ್ನು ತೆಗೆದುಕೊಂಡು ನೋಡೋಣ. ನಮ್ಮ ದೇಶದ ಲಸಿಕಾ ಪಟ್ಟಿಯಲ್ಲಿ ದಡಾರ-ರುಬೆಲ್ಲಾದ ಮೊದಲ ಡೋಸ್ 9ರಿಂದ 12 ತಿಂಗಳ ನಡುವೆ, ಎರಡನೆಯದು 16ರಿಂದ 24 ತಿಂಗಳ ನಡುವೆ. ಒಂಬತ್ತನೇ ತಿಂಗಳಲ್ಲಿ ತಾಯಿಯಿಂದ ಬಂದ ಪ್ರತಿಕಾಯಗಳು ಕೆಲವು ಮಕ್ಕಳಲ್ಲಿ ಇನ್ನೂ ಉಳಿದಿರುತ್ತವೆ. ಅವು ಲಸಿಕೆಯ ವೈರಾಣುವನ್ನೇ ಹೊಡೆದುಹಾಕುತ್ತವೆ. ಹಾಗಾಗಿ ಆ ವಯಸ್ಸಿನಲ್ಲಿ ಲಸಿಕೆ ಹಿಡಿಯುವುದು ಸುಮಾರು ಶೇ 85 ಮಕ್ಕಳಿಗೆ.

ಸಾವಿರದಲ್ಲಿ 950 ಮಕ್ಕಳಿಗೆ ಮೊದಲ ಡೋಸ್ ಸಿಕ್ಕಿತು. ಅದರಲ್ಲಿ ಶೇ 85 ಎಂದರೆ ಸುಮಾರು 807 ಮಕ್ಕಳಿಗೆ ರಕ್ಷಣೆ ಬಂತು. ಉಳಿದವರು 193: ಲಸಿಕೆಯನ್ನೇ ಕಾಣದ 50 ಮಕ್ಕಳು, ಚುಚ್ಚಿಸಿಕೊಂಡರೂ ಹಿಡಿಯದ 143 ಮಕ್ಕಳು. ಇಲ್ಲಿಗೇ ನಿಲ್ಲಿಸಿದರೆ ಒಬ್ಬ ರೋಗಿಯಿಂದ 15ರ ಶೇ 19.3, ಅಂದರೆ ಸುಮಾರು ಮೂವರಿಗೆ ರೋಗ ದಾಟುತ್ತದೆ. ಇದು ನೇರವಾಗಿ ಸ್ಫೋಟಕ್ಕೆ ದಾರಿ.

ಈಗ ಎರಡನೆಯ ಡೋಸ್. ಮೊದಲ ಡೋಸ್ ಪಡೆದವರಲ್ಲಿ ಶೇ 90 ಮಂದಿಯನ್ನು ಆಶಾ ಕಾರ್ಯಕರ್ತೆ ತಾಯಿ ಕಾರ್ಡ್ ನೋಡಿ ಮತ್ತೆ ಕರೆತಂದಳು ಎನ್ನೋಣ. 143ರಲ್ಲಿ 129 ಮಕ್ಕಳು ಸಿಕ್ಕರು. ಈ ವಯಸ್ಸಿಗೆ ತಾಯಿಯ ಪ್ರತಿಕಾಯ ಇರುವುದಿಲ್ಲ, ಶೇ 95ರಷ್ಟು ಹಿಡಿಯುತ್ತದೆಂದು ಲೆಕ್ಕಕ್ಕೆ ಇಟ್ಟುಕೊಂಡರೆ ಸುಮಾರು 122 ಮಕ್ಕಳು ದಡ ಸೇರಿದರು. ಬಾಕಿ ಉಳಿದವರು 21 ಮತ್ತು ಆ ಮೊದಲಿನ 50, ಒಟ್ಟು 71. ರಕ್ಷಣೆ ಶೇ 92.9.

ಬೇಕಿದ್ದದ್ದು 93.3. ಇಷ್ಟೆಲ್ಲ ಮಾಡಿಯೂ ಕೂದಲೆಳೆಯಷ್ಟು ಕಡಿಮೆ! ಎರಡೂ ಡೋಸ್‌ಗಳಲ್ಲಿ ಶೇ 95 ತಲುಪಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಪಟ್ಟು ಹಿಡಿಯುವುದು ಇದಕ್ಕೇ. ಲೆಕ್ಕದಲ್ಲಿ ಇನ್ನೊಂದು ವಿಷಯ ಕಾಣುತ್ತದೆ. ಕೊನೆಗೆ ಉಳಿದ 71ರಲ್ಲಿ 50 ಮಂದಿ ಒಂದೂ ಡೋಸ್ ಕಾಣದವರು. ಲಸಿಕೆಯ ಗುಣಮಟ್ಟ ಎಷ್ಟು ಸುಧಾರಿಸಿದರೂ ಈ 50 ಕರಗುವುದಿಲ್ಲ. ಅವರ ಮನೆ ಬಾಗಿಲಿಗೆ ಹೋಗಲೇಬೇಕು.

ರಾಜ್ಯದ ಸರಾಸರಿ ಶೇ 94 ಇದ್ದರೂ ಸ್ಫೋಟವಾಗುತ್ತದೆಯೇ?

ಆಗುತ್ತದೆ. ಸೂತ್ರದ ಹಿಂದೆ ಒಂದು ಊಹೆ ಅಡಗಿದೆ: ರಕ್ಷಣೆ ಇಲ್ಲದವರು ಊರಿನ ತುಂಬ ಸಮನಾಗಿ ಚದುರಿದ್ದಾರೆ ಎಂಬುದು. ವಾಸ್ತವದಲ್ಲಿ ಅವರು ಒಂದೇ ಕಡೆ ಗುಂಪಾಗಿರುತ್ತಾರೆ. ಅದೇ ವಠಾರ, ಅದೇ ಶಾಲೆ, ವರ್ಷವಿಡೀ ಊರೂರು ಅಲೆಯುವ ಅದೇ ಕಟ್ಟಡ ಕಾರ್ಮಿಕರ ಗುಂಪು.

ಅಮೆರಿಕದ ಟೆಕ್ಸಸ್‌ನಲ್ಲಿ 2025ರಲ್ಲಿ ಆದದ್ದು ಹೀಗೆಯೇ. ಇಡೀ ರಾಜ್ಯದಲ್ಲಿ ಶಾಲೆಗೆ ಹೊಸದಾಗಿ ಸೇರುವ ಮಕ್ಕಳ ಲಸಿಕಾ ಪ್ರಮಾಣ ಶೇ 94ರ ಹತ್ತಿರ ಇತ್ತು. ಗೇನ್ಸ್ ಎಂಬ ಒಂದು ಕೌಂಟಿಯಲ್ಲಿ ಮಾತ್ರ ಅದು ಸುಮಾರು ಶೇ 82. ಲಸಿಕೆ ಪಡೆದ ಎಲ್ಲರಿಗೂ ಅದು ಹಿಡಿದಿದೆ ಎಂದು ಉದಾರವಾಗಿ ಒಪ್ಪಿಕೊಂಡರೂ 15ರ ಶೇ 18 ಎಂದರೆ 2.7. ಜನವರಿಯಲ್ಲಿ ಶುರುವಾದದ್ದು ಆಗಸ್ಟ್‌ನಲ್ಲಿ ಮುಗಿಯುವ ಹೊತ್ತಿಗೆ ಆ ರಾಜ್ಯದಲ್ಲಿ 762 ಪ್ರಕರಣಗಳು ದಾಖಲಾಗಿದ್ದವು, ಶಾಲೆಗೆ ಹೋಗುವ ವಯಸ್ಸಿನ ಇಬ್ಬರು ಮಕ್ಕಳು ತೀರಿಕೊಂಡಿದ್ದರು.

2022ರ ಕೊನೆಯಲ್ಲಿ ಮುಂಬೈಯ ಗೋವಂಡಿಯಲ್ಲಿ ಎದ್ದ ದಡಾರವೂ ಇದೇ ಜಾತಿಯದು. ಕಿಕ್ಕಿರಿದ ಬಸ್ತಿ, ಕೋವಿಡ್ ಕಾಲದಲ್ಲಿ ತಪ್ಪಿದ ಡೋಸ್‌ಗಳು. ತಪ್ಪಿದ ಡೋಸ್‌ನ ಬಿಲ್ಲು ಮರುದಿನವೇ ಬರುವುದಿಲ್ಲ. ಪ್ರತಿವರ್ಷ ಸಾವಿರಕ್ಕೆ 71ರಂತೆ, ನೂರರಂತೆ ಮಕ್ಕಳು ಸದ್ದಿಲ್ಲದೆ ಸೇರುತ್ತಾ ಹೋಗುತ್ತಾರೆ. ಮೂರು-ನಾಲ್ಕು ವರ್ಷ ಒಂದೂ ಪ್ರಕರಣ ಇರುವುದಿಲ್ಲ, ಆರೋಗ್ಯ ಇಲಾಖೆಯ ವರದಿಯೂ ಚೆನ್ನಾಗಿ ಕಾಣುತ್ತದೆ. ಆಮೇಲೆ ಎಲ್ಲರೂ ಒಟ್ಟಿಗೆ ಬೀಳುತ್ತಾರೆ. ಈ ಬಾಕಿಯನ್ನು ತೀರಿಸಲೆಂದೇ ಆಗಾಗ ಅಭಿಯಾನಗಳು ನಡೆಯುತ್ತವೆ. 2017ರ ಫೆಬ್ರವರಿಯಲ್ಲಿ ದೇಶದ ಮೊದಲ ಹಂತದಲ್ಲೇ ಕರ್ನಾಟಕದಲ್ಲಿ 9 ತಿಂಗಳಿಂದ 15 ವರ್ಷದವರೆಗಿನ ಮಕ್ಕಳಿಗೆಲ್ಲ ಎಂಆರ್ ಚುಚ್ಚುಮದ್ದು ಹಾಕಿದ್ದು ನೆನಪಿರಬಹುದು. ಮೊದಲೇ ಹಾಕಿಸಿದವರಿಗೂ ಮತ್ತೆ ಏಕೆ ಎಂದು ಆಗ ಬಹಳ ಪೋಷಕರು ಕೇಳಿದ್ದರು. ಮೇಲಿನ 143 ಮಕ್ಕಳು ಯಾರೆಂದು ಮುಖ ನೋಡಿ ಹೇಳಲು ಆಗುವುದಿಲ್ಲ, ಅದಕ್ಕೆ.

ಫ್ಲೂಗೆ ಶೇ 23 ಸಾಕೆನ್ನುವುದಾದರೆ ಅದು ಇಷ್ಟರಲ್ಲಿ ನಿರ್ನಾಮವಾಗಬೇಕಿತ್ತಲ್ಲ?

ಇದು ನನಗೆ ಎಲ್ಲಕ್ಕಿಂತ ಇಷ್ಟವಾದ ಪ್ರಶ್ನೆ. ಕಾಗದದ ಮೇಲೆ ಫ್ಲೂ ತೀರಾ ಸಾಧು. ಆದರೆ ಮೂರು ಕಡೆ ಲೆಕ್ಕ ತಪ್ಪುತ್ತದೆ.

ಮೊದಲನೆಯದು, 1.3 ಎಂಬುದು ಶುದ್ಧ R0 ಅಲ್ಲ. ಹಿಂದಿನ ವರ್ಷಗಳ ಸೋಂಕಿನಿಂದ ಜನರಲ್ಲಿ ಈಗಾಗಲೇ ಇರುವ ಅರೆಬರೆ ರಕ್ಷಣೆಯನ್ನು ಕಳೆದ ಮೇಲೆ ಅಳತೆಗೆ ಸಿಕ್ಕ ಸಂಖ್ಯೆ ಅದು. ಆದ್ದರಿಂದ ಶೇ 23 ಎಂದರೆ ಇದ್ದುದರ ಮೇಲೆ ಹೆಚ್ಚುವರಿಯಾಗಿ ಬೇಕಾದ ರಕ್ಷಣೆ.

ಎರಡನೆಯದು ಲಸಿಕೆಯ ಬಲ. ಬೇಕಾದ ಲಸಿಕಾ ಪ್ರಮಾಣ ತಿಳಿಯಲು ಮಿತಿಯನ್ನು ಲಸಿಕೆಯ ಪರಿಣಾಮದಿಂದ ಭಾಗಿಸಬೇಕು. ದಡಾರಕ್ಕೆ ಎರಡು ಡೋಸ್ ಆದ ಮೇಲೆ ಪರಿಣಾಮ ಶೇ 97. ಫ್ಲೂ ಲಸಿಕೆ ಆ ವರ್ಷದ ವೈರಾಣುವಿಗೆ ಚೆನ್ನಾಗಿ ಹೊಂದಿದಾಗಲೂ ಶೇ 40ರಿಂದ 60. ಶೇ 40 ಎಂದು ಹಿಡಿದರೆ ಶೇ 23 ರಕ್ಷಣೆ ಪಡೆಯಲು ಶೇ 58 ಜನರಿಗೆ ಲಸಿಕೆ ಹಾಕಬೇಕು. ಪ್ರಸರಣ ಸಂಖ್ಯೆ 1.5 ಆದರೆ ಶೇ 83. ಮಹಾಮಾರಿಯೊಂದು 2ರೊಂದಿಗೆ ಬಂದರೆ ಲೆಕ್ಕ ಶೇ 125 ಎನ್ನುತ್ತದೆ! ಇಡೀ ದೇಶಕ್ಕೆ ಚುಚ್ಚಿದರೂ ಅಂಥ ಲಸಿಕೆಯೊಂದರಿಂದಲೇ ಅದು ನಿಲ್ಲುವುದಿಲ್ಲ ಎಂದು ಅದರ ಅರ್ಥ.

ಮೂರನೆಯದು, ಗಳಿಸಿದ ರಕ್ಷಣೆ ಉಳಿಯುವುದಿಲ್ಲ. ಫ್ಲೂ ವೈರಾಣು ತನ್ನ ಮೇಲ್ಮೈಯ ಪ್ರೋಟೀನನ್ನು ಸ್ವಲ್ಪ ಸ್ವಲ್ಪವೇ ಬದಲಿಸುತ್ತಾ ಹೋಗುತ್ತದೆ. ಲಸಿಕೆಯಲ್ಲಿ ಯಾವ ತಳಿ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಬಾರಿ, ಫೆಬ್ರವರಿ ಮತ್ತು ಸೆಪ್ಟೆಂಬರ್‌ನಲ್ಲಿ ತೀರ್ಮಾನಿಸುತ್ತದೆ. ದಡಾರದ ಲಸಿಕೆಯಾದರೋ 1960ರ ದಶಕದ ಬೀಜತಳಿಗಳಿಂದಲೇ ಇಂದಿಗೂ ತಯಾರಾಗುತ್ತಿದೆ, ಕೆಲಸವನ್ನೂ ಮಾಡುತ್ತಿದೆ. ದಡಾರದ ಗೋಡೆ ಎತ್ತರ, ಆದರೆ ಒಮ್ಮೆ ಕಟ್ಟಿದರೆ ನಿಲ್ಲುತ್ತದೆ. ಫ್ಲೂನ ಗೋಡೆ ಮೊಣಕಾಲೆತ್ತರದ್ದು, ಆದರೆ ಪ್ರತಿ ಮಳೆಗಾಲಕ್ಕೂ ಕುಸಿಯುತ್ತದೆ.

15 ದೊಡ್ಡ ಸಂಖ್ಯೆ. ಅಂದ ಮೇಲೆ ದಡಾರವೇ ಬೇಗ ಹರಡಬೇಕಲ್ಲವೇ?

R0 ಹೇಳುವುದು ಎಷ್ಟು ಮಂದಿಗೆ ಎಂಬುದನ್ನು, ಎಷ್ಟು ದಿನದಲ್ಲಿ ಎಂಬುದನ್ನಲ್ಲ. ಒಂದು ತಲೆಮಾರಿನ ರೋಗಿಯಿಂದ ಮುಂದಿನ ತಲೆಮಾರಿನ ರೋಗಿಗೆ ದಡಾರದಲ್ಲಿ 12 ದಿನ ಹಿಡಿಯುತ್ತದೆ, ಫ್ಲೂನಲ್ಲಿ ಸುಮಾರು 3 ದಿನ. ಲಸಿಕೆ ಅರ್ಧಂಬರ್ಧ ಆದ ಮೇಲಿನ ಉದಾಹರಣೆಯಲ್ಲಿ ದಡಾರ ಮೂವರಿಗೆ ದಾಟುತ್ತಿತ್ತು. ಅದಕ್ಕೆ 36 ದಿನ ಕೊಡಿ: ಮೂರು ತಲೆಮಾರು, 3, 9, 27. ಅದೇ 36 ದಿನದಲ್ಲಿ ಫ್ಲೂಗೆ ಹನ್ನೆರಡು ತಲೆಮಾರು. 1.3ನ್ನು ಹನ್ನೆರಡು ಬಾರಿ ಗುಣಿಸಿದರೆ 23. ಸಂಖ್ಯೆಗಳಲ್ಲಿ ಅಷ್ಟು ಅಂತರವಿದ್ದ ಎರಡು ರೋಗಗಳು ಆರನೇ ವಾರದ ಹೊತ್ತಿಗೆ ಹೆಚ್ಚುಕಡಿಮೆ ಒಂದೇ ಕಡೆ ಬಂದು ನಿಲ್ಲುತ್ತವೆ.

ವ್ಯತ್ಯಾಸವಿರುವುದು ನಮಗೆ ಸಿಗುವ ಬಿಡುವಿನಲ್ಲಿ. ದಡಾರದ ಎರಡು ಅಲೆಗಳ ನಡುವೆ ಒಂದೂವರೆ ವಾರ ಇರುತ್ತದೆ. ಫ್ಲೂನ ನಡುವೆ ಅರ್ಧ ವಾರವೂ ಇರುವುದಿಲ್ಲ.

ಶಾಲೆಯಲ್ಲಿ ಒಂದು ಪ್ರಕರಣ ಸಿಕ್ಕಿತು. ಎರಡು ರೋಗಗಳಿಗೂ ಒಂದೇ ಕ್ರಮವೇ?

ಅಲ್ಲ. ದಡಾರದ ಮಗು ಗಂಧೆ ಏಳುವ ನಾಲ್ಕು ದಿನ ಮೊದಲಿನಿಂದ ಎದ್ದ ನಾಲ್ಕು ದಿನದವರೆಗೆ ಸೋಂಕು ಹರಡುತ್ತದೆ. ಮಗು ಕೋಣೆಯಿಂದ ಹೊರಟ ಮೇಲೂ ಎರಡು ಗಂಟೆಯವರೆಗೆ ವೈರಾಣು ಅಲ್ಲಿನ ಗಾಳಿಯಲ್ಲಿರಬಲ್ಲದು. ಆದ್ದರಿಂದ ಪಕ್ಕದ ಬೆಂಚಿನವರನ್ನು ಮಾತ್ರ ಹುಡುಕಿದರೆ ಸಾಲದು. ಸೋಂಕಿಗೆ ಒಡ್ಡಿಕೊಂಡ 72 ಗಂಟೆಯೊಳಗೆ ಲಸಿಕೆ ಕೊಟ್ಟರೆ ಆ ಮಗುವಿಗೇ ರೋಗ ತಪ್ಪಬಹುದು. ಆದರೆ ಗಂಧೆ ನೋಡಿ ದಡಾರವೆಂದು ಗುರುತಿಸುವ ಹೊತ್ತಿಗೆ ಮೊದಲ ದಿನ ಜೊತೆಗಿದ್ದವರಿಗೆ ಆ ಅವಧಿ ಮೀರಿರುತ್ತದೆ. ಹಾಗಾಗಿ ಎರಡನೇ ತಲೆಮಾರಿನ ಕೆಲವು ಪ್ರಕರಣಗಳು ಬಂದೇ ಬರುತ್ತವೆ. ತಂಡ ಅದಕ್ಕೆ ಹೆದರಿ ಕೈಚೆಲ್ಲಬಾರದು. ಸುತ್ತಲಿನ ಮಕ್ಕಳಿಗೆ ಈಗ ಹಾಕಿದ ಲಸಿಕೆ ಮೂರನೇ ತಲೆಮಾರನ್ನು ತಡೆಯುತ್ತದೆ. ಹೊಸ ಗಂಧೆಗಳು 24 ದಿನದ ನಂತರವೂ ಏಳುತ್ತಿದ್ದರೆ, ಲಸಿಕೆ ತಲುಪದ ಮನೆಗಳು ಎಲ್ಲೋ ಉಳಿದಿವೆ ಎಂದು ತಿಳಿಯಬೇಕು.

ಫ್ಲೂನಲ್ಲಿ ಈ ಬೆನ್ನಟ್ಟುವಿಕೆ ಕೆಲಸಕ್ಕೆ ಬರುವುದಿಲ್ಲ. ಜ್ವರ ಬರುವ ಒಂದು ದಿನ ಮುಂಚೆಯೇ ಅದು ಹರಡುತ್ತದೆ. ಗಂಟಲ ದ್ರವದ ವರದಿ ಕೈಗೆ ಬರುವಷ್ಟರಲ್ಲಿ ಮುಂದಿನ ರೋಗಿ ಆಗಲೇ ಕೆಮ್ಮುತ್ತಿರುತ್ತಾನೆ. ಲಸಿಕೆ ಹಾಕಿದರೂ ರಕ್ಷಣೆ ಬೆಳೆಯಲು ಎರಡು ವಾರ ಬೇಕು, ಅಷ್ಟರಲ್ಲಿ ನಾಲ್ಕೈದು ತಲೆಮಾರು ದಾಟಿರುತ್ತವೆ. ಇಲ್ಲಿ ಮಾಡಬಹುದಾದದ್ದು ಜ್ವರವಿರುವವರನ್ನು ಮನೆಯಲ್ಲಿ ಉಳಿಸುವುದು, ಕಿಟಕಿ ತೆರೆಯುವುದು, ಗರ್ಭಿಣಿಯರು ಹಾಗೂ ವೃದ್ಧರಿಗೆ ರೋಗ ಬಂದರೆ ಒಸೆಲ್ಟಾಮಿವಿರ್ ಎಂಬ ಫ್ಲೂ ಔಷಧವನ್ನು ಬೇಗ ಶುರುಮಾಡುವುದು, ಲಸಿಕೆಯನ್ನು ಹಂಗಾಮಿಗೆ ಮುಂಚೆಯೇ ಹಾಕಿ ಮುಗಿಸುವುದು.

ಕೋವಿಡ್ ಕಾಲದಲ್ಲಿ ಫ್ಲೂ ಮಾಯವಾಗಿತ್ತು ಎನ್ನುತ್ತಾರೆ. ನಿಜವೇ?

ನಿಜ. ಸಣ್ಣ R0 ಎಂದರೆ ಏನೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗ ಸಿಗಲಾರದು. 1.3ನ್ನು 1ಕ್ಕಿಂತ ಕೆಳಗೆ ಇಳಿಸಲು ಜನರ ಸಂಪರ್ಕ ಕಾಲುಭಾಗ ಕಡಿಮೆಯಾದರೆ ಸಾಕು. ಮುಖಗವಸು, ಮುಚ್ಚಿದ ಶಾಲೆ, ನಿಂತ ವಿಮಾನ ಅದಕ್ಕಿಂತ ಎಷ್ಟೋ ಹೆಚ್ಚು ಕಡಿತ ಮಾಡಿದವು. ಫ್ಲೂನ ಬಿ/ಯಮಗಾಟ ಎಂಬ ಒಂದು ವಂಶವಂತೂ 2020ರ ಮಾರ್ಚ್ ನಂತರ ಖಚಿತವಾಗಿ ಎಲ್ಲೂ ಪತ್ತೆಯಾಗಿಲ್ಲ. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಅದನ್ನು ಲಸಿಕೆಯಿಂದ ಕೈಬಿಡಬಹುದು ಎಂದರು. ದಡಾರಕ್ಕೆ ಲಸಿಕೆ ಇಲ್ಲದೆ ಇದೇ ಪರಿಣಾಮ ಬೇಕಿದ್ದರೆ ಸಂಪರ್ಕವನ್ನು ಶೇ 93 ಕತ್ತರಿಸಬೇಕಾಗಿತ್ತು. ಅಷ್ಟು ಬಾಗಿಲು ಮುಚ್ಚಿಕೊಂಡು ಯಾವ ಊರೂ ಬದುಕಲಾರದು.

ಪೆಸಿಫಿಕ್‌ನ ಸಮೋವಾ ದೇಶ ಅದರ ಹತ್ತಿರಕ್ಕೆ ಹೋಗಿತ್ತು. 2018ರಲ್ಲಿ ದಾದಿಯರು ಲಸಿಕೆಯ ಪುಡಿಗೆ ನೀರಿನ ಬದಲು ತಪ್ಪಾಗಿ ಅರಿವಳಿಕೆಯಲ್ಲಿ ಬಳಸುವ ಔಷಧ ಬೆರೆಸಿದ್ದರಿಂದ ಎರಡು ಹಸುಗೂಸುಗಳು ಸತ್ತವು. ಲಸಿಕೆ ಕೆಲವು ತಿಂಗಳು ನಿಂತಿತು, ಜನರ ನಂಬಿಕೆ ಹೋಯಿತು, ಲಸಿಕಾ ಪ್ರಮಾಣ ಶೇ 31ರ ಹತ್ತಿರಕ್ಕೆ ಕುಸಿಯಿತು. ಮರುವರ್ಷ ದಡಾರ ಬಂದಾಗ ಎರಡು ಲಕ್ಷ ಜನರ ಆ ನಾಡಿನಲ್ಲಿ 5,700 ಮಂದಿಗೆ ರೋಗ, 83 ಸಾವು. ಡಿಸೆಂಬರ್ 5 ಮತ್ತು 6ರಂದು ಸರ್ಕಾರ ಇಡೀ ದೇಶವನ್ನು ಮುಚ್ಚಿತು. ಲಸಿಕೆ ಆಗದವರಿರುವ ಮನೆಯವರು ಬಾಗಿಲಿಗೆ ಕೆಂಪು ಬಟ್ಟೆ ಕಟ್ಟಬೇಕಿತ್ತು, ತಂಡಗಳು ಅದನ್ನು ನೋಡಿ ಒಳಗೆ ಹೋಗಿ ಚುಚ್ಚಿದವು. ಆ ಎರಡು ದಿನ ಬೀದಿ ಖಾಲಿ ಮಾಡಿದ್ದು ಮನೆಯಲ್ಲಿ ಎಲ್ಲರೂ ಸಿಗಲಿ ಎಂದು. ರೋಗ ಇಳಿದದ್ದು ಲಸಿಕೆಯಿಂದ.

ಫ್ಲೂ ಮಿತಿ ದಾಟಲಾಗದಿದ್ದರೆ ಲಸಿಕೆ ಹಾಕಿ ಏನು ಪ್ರಯೋಜನ?

ಮಿತಿ ಎಂಬುದು ಸ್ವಿಚ್ ಅಲ್ಲ. ಅದರ ಕೆಳಗಿದ್ದರೂ ಪ್ರತಿಯೊಂದು ರಕ್ಷಣೆಯೂ ಸರಪಳಿಯನ್ನು ಗಿಡ್ಡ ಮಾಡುತ್ತದೆ. ಕೆನಡಾದಲ್ಲಿ ಹಟ್ಟರೈಟ್ ಎಂಬ ಸಮುದಾಯದವರು ಕೂಡುಕುಟುಂಬದಂತೆ ಪುಟ್ಟ ವಸಾಹತುಗಳಲ್ಲಿ ವಾಸಿಸುತ್ತಾರೆ. 2008-09ರಲ್ಲಿ ಕೆಲವು ವಸಾಹತುಗಳ ಮಕ್ಕಳಿಗೆ ಫ್ಲೂ ಲಸಿಕೆ, ಉಳಿದವುಗಳ ಮಕ್ಕಳಿಗೆ ಬೇರೊಂದು ಲಸಿಕೆ ಕೊಟ್ಟು ನೋಡಿದರು. ಮಕ್ಕಳಿಗೆ ಫ್ಲೂ ಲಸಿಕೆ ಆದ ಕಡೆ, ತಾವು ಲಸಿಕೆ ಪಡೆಯದ ಉಳಿದವರಲ್ಲೂ ಫ್ಲೂ ಶೇ 61ರಷ್ಟು ಕಡಿಮೆಯಾಯಿತು. ನಮ್ಮಲ್ಲಿ ಫ್ಲೂ ಲಸಿಕೆ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿಲ್ಲ, ದುಡ್ಡು ಕೊಟ್ಟು ಹಾಕಿಸಿಕೊಳ್ಳಬೇಕು. ಆದ್ದರಿಂದ ಸದ್ಯಕ್ಕೆ ಅದು ಹಾಕಿಸಿಕೊಂಡವರ ಸ್ವಂತ ರಕ್ಷಣೆಯ ಮಾತು.

ರೋಗ ಬಂದು ಹೋದರೆ ತಾನಾಗಿಯೇ ಆ ಮಿತಿ ತಲುಪುತ್ತದಲ್ಲ?

ತಲುಪಿ ಅಲ್ಲೇ ನಿಲ್ಲುವುದಿಲ್ಲ. ಮಿತಿ ತಲುಪಿದ ದಿನ ಊರಿನಲ್ಲಿ ರೋಗಿಗಳು ಅತಿ ಹೆಚ್ಚು ಇರುತ್ತಾರೆ, ಅವರೆಲ್ಲ ಇನ್ನೂ ಹರಡುತ್ತಿರುತ್ತಾರೆ. 1.3ರ ರೋಗವನ್ನು ಅದರ ಪಾಡಿಗೆ ಬಿಟ್ಟರೆ ಶೇ 23ಕ್ಕೆ ನಿಲ್ಲದೆ ಶೇ 42 ಮಂದಿಯನ್ನು ಮುಟ್ಟಿಯೇ ಮುಗಿಯುತ್ತದೆ. 15ರ ರೋಗ ಹೆಚ್ಚುಕಡಿಮೆ ಯಾರನ್ನೂ ಬಿಡುವುದಿಲ್ಲ. ಅಷ್ಟಾದ ಮೇಲೂ ಹೊಸ ಮಕ್ಕಳು ಹುಟ್ಟುತ್ತಲೇ ಇರುತ್ತಾರೆ.

ನಮ್ಮ ಮಗುವಿಗೆ ಏಳು ತಿಂಗಳು. ಬೀದಿಯಲ್ಲಿ ದಡಾರ ಬಂದಿದೆ. ಒಂಬತ್ತನೇ ತಿಂಗಳವರೆಗೆ ಕಾಯಬೇಕೆ?

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇಂದೇ ಕೇಳಿ. ಸ್ಫೋಟವಿರುವ ಪ್ರದೇಶದಲ್ಲಿ ಆರು ತಿಂಗಳು ತುಂಬಿದ ಶಿಶುಗಳಿಗೂ ಒಂದು ಡೋಸ್ ಕೊಡುವ ಕ್ರಮವಿದೆ. 2022ರ ಸ್ಫೋಟದ ಸಮಯದಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವೂ ಇಂಥ ಸಲಹೆ ಕೊಟ್ಟಿತ್ತು. ಆದರೆ ಆ ಡೋಸ್ ಲೆಕ್ಕಕ್ಕಿಲ್ಲ. ತಾಯಿಯ ಪ್ರತಿಕಾಯ ಅದನ್ನು ನುಂಗಿರುವ ಸಾಧ್ಯತೆ ಹೆಚ್ಚು. ಒಂಬತ್ತನೇ ತಿಂಗಳಿನದ್ದನ್ನೂ ಹದಿನಾರನೇ ತಿಂಗಳಿನದ್ದನ್ನೂ ಹಾಕಿಸಲೇಬೇಕು. ತಾಯಿ ಕಾರ್ಡಿನಲ್ಲಿ ಈ ಹೆಚ್ಚುವರಿ ಡೋಸನ್ನು ಬೇರೆಯಾಗಿ ಬರೆಸಿಕೊಳ್ಳಿ. ಮೊದಲ ಡೋಸ್‌ನ ಜಾಗದಲ್ಲಿ ಬರೆದುಬಿಟ್ಟರೆ ಮಗುವಿಗೆ ಮುಂದೆ ಒಂದು ಡೋಸ್ ತಪ್ಪಿಹೋಗುತ್ತದೆ.